ರೌಟರ್‌ನ ಅಡ್ಮಿನ್ ಪುಟ ಮೊದಲ ಸಲ ತೆರೆಯುವುದು: ವಿಳಾಸ ಎಲ್ಲಿ ಸಿಗುತ್ತದೆ, ಲಾಗಿನ್ ಯಾವುದು

ಹಾಸನದಲ್ಲಿರುವ ನಮ್ಮ ದೊಡ್ಡಪ್ಪ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದರು. ಮನೆಯ ವೈಫೈ ಪಾಸ್‌ವರ್ಡ್ ಬದಲಾಯಿಸಬೇಕಿತ್ತು. ಯಾರೋ 192.168.1.1 ಅಂತ ಟೈಪ್ ಮಾಡಿ ಅಂದಿದ್ದರಂತೆ.

"ಪುಟ್ಟಾ, ಪುಟ ಏನೋ ಬರ್ತಿದೆ. ಡಬ್ಬಿ ಮೇಲೆ ಇರೋ ಪಾಸ್‌ವರ್ಡೇ ಹಾಕ್ತಿದ್ದೀನಿ. ಒಳಗೆ ಮಾತ್ರ ಬಿಡ್ತಿಲ್ಲ ಕಣೋ."

ಮೂರು ಸಲ ಹಾಕಿ ನೋಡಿದ್ದರು. ನಾಲ್ಕನೇ ಸಲಕ್ಕೆ ಪುಟ ಬೀಗ ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅನ್ನುತ್ತಿತ್ತು. ಅವರು ಪಾಸ್‌ವರ್ಡ್ ಓದಿದ್ದು ಸರಿಯಾಗಿಯೇ ಇತ್ತು. ತೆರೆದಿದ್ದ ಪುಟ ಮಾತ್ರ ಬೇರೆ ಡಬ್ಬಿಯದು. ಅದು ಹೇಗೆ ಗೊತ್ತಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲ ಸಲ ಈ ಪುಟ ತೆರೆಯುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಇಂಟರ್‌ನೆಟ್‌ನಲ್ಲಿ ಸಿಗುವ ವಿಳಾಸಗಳ ಪಟ್ಟಿ ನೋಡಿ ಒಂದೊಂದಾಗಿ ಹಾಕುತ್ತಾ ಹೋಗುತ್ತಾರೆ. ಅದರ ಅಗತ್ಯವೇ ಇಲ್ಲ. ನಿಮ್ಮ ರೌಟರ್‌ನ ವಿಳಾಸ ನಿಮ್ಮ ಫೋನಿಗೂ ಲ್ಯಾಪ್‌ಟಾಪಿಗೂ ಆಗಲೇ ಗೊತ್ತಿದೆ. ಅದನ್ನು ಕೇಳಿ ತಿಳಿದುಕೊಂಡರೆ ಸಾಕು.

## ಈ ಪುಟ ಎಲ್ಲಿರುತ್ತದೆ

ಅಡ್ಮಿನ್ ಪುಟ ಇಂಟರ್‌ನೆಟ್‌ನಲ್ಲಿ ಇರುವ ವೆಬ್‌ಸೈಟ್ ಅಲ್ಲ. ನಿಮ್ಮ ಮನೆಯ ಗೋಡೆ ಮೇಲೆ ಕೂತಿರುವ ಡಬ್ಬಿಯ ಒಳಗೇ ಇರುವ ಪುಟ ಅದು. ಹಾಗಾಗಿ ಇಂಟರ್‌ನೆಟ್ ಹೋಗಿದ್ದರೂ ಅದು ತೆರೆಯುತ್ತದೆ. ನೀವು ಆ ಡಬ್ಬಿಯ ವೈಫೈಗೆ ಸೇರಿಕೊಂಡಿದ್ದರೆ ಅಥವಾ ಕೇಬಲ್ ಹಾಕಿಕೊಂಡಿದ್ದರೆ ಸಾಕು.

ನಿಮ್ಮ ಫೋನ್ ವೈಫೈಗೆ ಸೇರಿದ ಕ್ಷಣವೇ ರೌಟರ್ ಅದಕ್ಕೆ ಎರಡು ವಿಷಯ ಹೇಳುತ್ತದೆ. ಒಂದು, "ಇದು ನಿನ್ನ ವಿಳಾಸ". ಇನ್ನೊಂದು, "ಹೊರಗೆ ಹೋಗಬೇಕಾದರೆ ಈ ವಿಳಾಸದ ಮೂಲಕ ಹೋಗು". ಈ ಎರಡನೆಯದಕ್ಕೆ ಗೇಟ್‌ವೇ ಅನ್ನುತ್ತಾರೆ. ಮನೆಯ ಹೆಬ್ಬಾಗಿಲು ಇದ್ದ ಹಾಗೆ. ಆ ಬಾಗಿಲಲ್ಲಿ ಕೂತಿರುವುದು ರೌಟರ್. ಆದ್ದರಿಂದ ಮನೆಗಳಲ್ಲಿ ಗೇಟ್‌ವೇ ವಿಳಾಸವೇ ರೌಟರ್‌ನ ಅಡ್ಮಿನ್ ಪುಟದ ವಿಳಾಸ.

192.168 ಅಂತ ಶುರುವಾಗುವ ವಿಳಾಸಗಳನ್ನು ಮನೆ, ಕಚೇರಿಗಳ ಒಳಗಿನ ಬಳಕೆಗೆ ಅಂತಲೇ ಎತ್ತಿಟ್ಟಿದ್ದಾರೆ. ಬೆಂಗಳೂರಲ್ಲೂ ಎಂ.ಜಿ. ರಸ್ತೆ ಇದೆ, ಚಿಕ್ಕಮಗಳೂರಲ್ಲೂ ಇದೆ. ಆಯಾ ಊರಿನ ಒಳಗೆ ನಿಂತು ಹೇಳಿದರೆ ಗೊಂದಲ ಇಲ್ಲ. ಹಾಗೆಯೇ 192.168.1.1 ಅನ್ನುವುದು ಲಕ್ಷಾಂತರ ಮನೆಗಳಲ್ಲಿ ಇದೆ. ನಿಮ್ಮ ವೈಫೈ ಒಳಗಿಂದ ಕೇಳಿದರೆ ನಿಮ್ಮ ಡಬ್ಬಿ ಉತ್ತರ ಕೊಡುತ್ತದೆ, ಪಕ್ಕದ ಮನೆಯ ವೈಫೈಯಿಂದ ಕೇಳಿದರೆ ಅವರ ಡಬ್ಬಿ.

ನಮ್ಮ ಕಡೆ ಜಾಸ್ತಿ ಕಾಣುವ ವಿಳಾಸಗಳು ಕೆಲವು ಇವೆ. ಜಿಯೋಫೈಬರ್ ಡಬ್ಬಿಯಲ್ಲಿ 192.168.29.1 ಇರುತ್ತದೆ. ಏರ್‌ಟೆಲ್ ಫೈಬರ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ 192.168.1.1. ಅಂಗಡಿಯಿಂದ ತಂದ ಟಿಪಿ-ಲಿಂಕ್, ಡಿ-ಲಿಂಕ್, ಟೆಂಡಾ ರೌಟರ್‌ಗಳಲ್ಲಿ 192.168.0.1 ಹೆಚ್ಚು, ಶಿಯೋಮಿಯಲ್ಲಿ 192.168.31.1. ಇವನ್ನು ಬಾಯಿಪಾಠ ಮಾಡುವುದು ಬೇಡ. ಯಾರಾದರೂ ಬದಲಾಯಿಸಿರಬಹುದು. ಕೆಲವು ರೌಟರ್‌ಗಳು ಇನ್ನೊಂದು ಡಬ್ಬಿಯ ಜೊತೆ ವಿಳಾಸ ಡಿಕ್ಕಿಯಾದರೆ ತಾವೇ ಬದಲಾಯಿಸಿಕೊಳ್ಳುತ್ತವೆ. ಸಾಧನವನ್ನೇ ಕೇಳುವುದು ಖಚಿತ.

## ಮೊದಲು ಎರಡು ಕೆಲಸ

ಫೋನಿನಲ್ಲಿ ನೋಡುತ್ತಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿ. ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಅನ್ನಿಸಿದರೆ ಫೋನ್ ತಾನಾಗಿಯೇ ಮೊಬೈಲ್ ಡೇಟಾಕ್ಕೆ ಜಾರಿಬಿಡುತ್ತದೆ. ಆಗ ರೌಟರ್ ಪುಟ ಎಷ್ಟು ಹೊತ್ತು ಕಾದರೂ ಬರುವುದಿಲ್ಲ. ಇಂಟರ್‌ನೆಟ್ ಕೆಟ್ಟಿದೆ ಅಂತಲೇ ಅಲ್ವಾ ಎಷ್ಟೋ ಜನ ಈ ಪುಟ ತೆರೆಯಲು ಹೋಗುವುದು? ಅಂಥ ಹೊತ್ತಿನಲ್ಲೇ ಫೋನ್ ಹೀಗೆ ಜಾರುತ್ತದೆ.

ವಿಪಿಎನ್ ಹಾಕಿಕೊಂಡಿದ್ದರೆ ಅದನ್ನೂ ನಿಲ್ಲಿಸಿ. ಕಚೇರಿಯ ಲ್ಯಾಪ್‌ಟಾಪ್ ಆದರೆ ವಿಪಿಎನ್ ಸುಮ್ನೆ ಹಿಂದೆ ಓಡುತ್ತಿರಬಹುದು, ಆಗ ಮನೆಯ ಡಬ್ಬಿ ತಲುಪದೇ ಹೋಗಬಹುದು. ಹಾಗೆಯೇ ಅತಿಥಿಗಳಿಗೆ ಅಂತ ಬೇರೆ ಹೆಸರಿನ ವೈಫೈ ಇಟ್ಟಿದ್ದರೆ ಅದರಲ್ಲಿ ಸೇರಿಕೊಳ್ಳಬೇಡಿ. ಅದರಿಂದ ಅಡ್ಮಿನ್ ಪುಟಕ್ಕೆ ಸಾಮಾನ್ಯವಾಗಿ ತಡೆ ಇರುತ್ತದೆ.

## ವಿಳಾಸ ಕೇಳುವುದು: ವಿಂಡೋಸ್‌ನಲ್ಲಿ

ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಒತ್ತಿ ಹಿಡಿದು R ಒತ್ತಿ. ಎಡಗಡೆ ಕೆಳಗೆ ಒಂದು ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ `cmd` ಅಂತ ಬರೆದು ಎಂಟರ್ ಒತ್ತಿ. ಕಪ್ಪು ಪರದೆ ತೆರೆಯುತ್ತದೆ. ಅದನ್ನು ನೋಡಿ ಹೆದರುವುದು ಬೇಡ. ನಾವು ಈಗ ಕೊಡುವ ಆಜ್ಞೆ ಮಾಹಿತಿ ತೋರಿಸುತ್ತದೆ ಅಷ್ಟೆ, ಏನನ್ನೂ ಬದಲಿಸುವುದಿಲ್ಲ.

```
ipconfig
```

ಎಂಟರ್ ಒತ್ತಿದ ಮೇಲೆ ಸಾಕಷ್ಟು ಸಾಲುಗಳು ಬರುತ್ತವೆ. ಹಲವು ಗುಂಪುಗಳಲ್ಲಿ `Media disconnected` ಅಂತ ಇರುತ್ತದೆ. ಅವನ್ನು ಬಿಟ್ಟುಬಿಡಿ. `Wireless LAN adapter Wi-Fi` ಅನ್ನುವ ಗುಂಪು ಹುಡುಕಿ. ಕೇಬಲ್ ಹಾಕಿದ್ದರೆ `Ethernet adapter` ಅನ್ನುವ ಗುಂಪು. ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ ಆ ಗುಂಪು ಹೀಗಿತ್ತು:

```
IPv4 Address. . . . . . : 192.168.0.104
Subnet Mask . . . . . . : 255.255.255.0
Default Gateway . . . . : 192.168.0.1
```

ಮೊದಲ ಸಾಲು ಲ್ಯಾಪ್‌ಟಾಪಿನದೇ ವಿಳಾಸ. ಅದನ್ನು ಬ್ರೌಸರ್‌ನಲ್ಲಿ ಹಾಕಿದರೆ ಏನೂ ಬರುವುದಿಲ್ಲ. ನಮಗೆ ಬೇಕಾದ್ದು `Default Gateway` ಮುಂದೆ ಇರುವುದು. ಅವರ ಮನೆಯ ರೌಟರ್ 192.168.0.1 ನಲ್ಲಿ ಇತ್ತು. ಅವರು ಹಾಕುತ್ತಿದ್ದದ್ದು 192.168.1.1. ಮೂರನೇ ಅಂಕಿ ಬೇರೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಎರಡು ಗೊಂದಲ ಆಗಬಹುದು. `Default Gateway` ಮುಂದೆ `fe80` ಅಂತ ಶುರುವಾಗುವ ಉದ್ದನೆಯ ಸಾಲು ಬಂದರೆ ಅದು ಹೊಸ ಬಗೆಯ ವಿಳಾಸ. ಅದರ ಕೆಳಗಿನ ಸಾಲು ನೋಡಿ. ಚುಕ್ಕಿ ಇರುವ ನಾಲ್ಕು ಅಂಕಿಗಳ ವಿಳಾಸ ಅಲ್ಲಿ ಇರುತ್ತದೆ. ಎರಡನೆಯದು, ಗೇಟ್‌ವೇ ಮುಂದೆ ಖಾಲಿ ಇದ್ದು, ನಿಮ್ಮ ವಿಳಾಸ 169.254 ಅಂತ ಶುರುವಾಗಿದ್ದರೆ, ರೌಟರ್ ನಿಮಗೆ ವಿಳಾಸ ಕೊಟ್ಟೇ ಇಲ್ಲ ಅಂತ ಅರ್ಥ. ಆಗ ಪುಟ ಹುಡುಕುವುದನ್ನು ನಿಲ್ಲಿಸಿ. ವೈಫೈ ಆಫ್ ಮಾಡಿ ಮತ್ತೆ ಸೇರಿಕೊಳ್ಳಿ. ಆಗಲೂ ಹಾಗೇ ಇದ್ದರೆ ರೌಟರ್‌ನ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಹಾಕಿ. ಮತ್ತೆ `ipconfig` ಕೊಟ್ಟು ನೋಡಿ.

## ಫೋನಿನಲ್ಲಿ, ಮ್ಯಾಕ್‌ನಲ್ಲಿ

ಐಫೋನಿನಲ್ಲಿ ಇದು ಬಹಳ ಸುಲಭ. `Settings` ಒಳಗೆ `Wi-Fi` ತೆರೆಯಿರಿ. ಸೇರಿಕೊಂಡಿರುವ ವೈಫೈ ಹೆಸರಿನ ಪಕ್ಕ ವೃತ್ತದೊಳಗೆ i ಅಂತ ಗುರುತು ಇರುತ್ತದೆ. ಅದನ್ನು ಒತ್ತಿ ಕೆಳಗೆ ಬಂದರೆ `Router` ಅಂತಲೇ ಒಂದು ಸಾಲು ಇದೆ. ಅದರ ಮುಂದಿರುವುದೇ ವಿಳಾಸ.

ಆಂಡ್ರಾಯ್ಡ್‌ನಲ್ಲಿ ಕಂಪನಿಯಿಂದ ಕಂಪನಿಗೆ ದಾರಿ ಸ್ವಲ್ಪ ಬೇರೆ. ಎಲ್ಲದರಲ್ಲೂ ವೈಫೈ ಪಟ್ಟಿಗೆ ಹೋಗಬೇಕು. ಸೇರಿಕೊಂಡಿರುವ ವೈಫೈ ಪಕ್ಕದ ಹಲ್ಲುಚಕ್ರದ ಗುರುತು ಅಥವಾ ಬಾಣ ಒತ್ತಬೇಕು. ಕೆಳಗೆ ಜಾರಿಸುತ್ತಾ ಹೋದರೆ `Gateway` ಅಂತ ಸಿಗುತ್ತದೆ. ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡಿದ್ದರೆ "ಗೇಟ್‌ವೇ" ಅಂತಲೇ ಬರೆದಿರುತ್ತದೆ. ಕೆಲವು ಫೋನುಗಳಲ್ಲಿ `Advanced` ಅಥವಾ `View more` ಒತ್ತಿದ ಮೇಲೆ ಕಾಣುತ್ತದೆ. ಹಲವು ಸ್ಯಾಮ್‌ಸಂಗ್ ಫೋನುಗಳಲ್ಲಿ ಅದೇ ಜಾಗದಲ್ಲಿ `Manage router` ಅಂತ ಇರುತ್ತದೆ. ಅದನ್ನು ಒತ್ತಿದರೆ ಪುಟವೇ ನೇರವಾಗಿ ತೆರೆಯುತ್ತದೆ.

ಗೇಟ್‌ವೇ ಎಲ್ಲೂ ಕಾಣದೆ `IP address` ಮಾತ್ರ ಸಿಕ್ಕಿದರೆ ಒಂದು ಊಹೆ ಮಾಡಬಹುದು. ಅದರ ಮೊದಲ ಮೂರು ಅಂಕಿ ಹಾಗೇ ಇಟ್ಟು ಕೊನೆಯದರ ಜಾಗದಲ್ಲಿ 1 ಹಾಕಿ. 192.168.29.57 ಇದ್ದರೆ 192.168.29.1. ಮನೆ ರೌಟರ್‌ಗಳಲ್ಲಿ ಇದು ಹೆಚ್ಚಿನ ಸಲ ಸರಿಹೋಗುತ್ತದೆ. ಆದರೂ ಇದು ಊಹೆಯೇ. ಕೆಲವರು ಕೊನೆಯಲ್ಲಿ 254 ಇಟ್ಟಿರುತ್ತಾರೆ.

ಮ್ಯಾಕ್‌ನಲ್ಲಿ `System Settings`, `Wi-Fi`, ಸೇರಿಕೊಂಡ ಹೆಸರಿನ ಪಕ್ಕ `Details`, ಅದರಲ್ಲಿ `TCP/IP`. ಅಲ್ಲೂ `Router` ಅಂತ ಇದೆ. ಲಿನಕ್ಸ್ ಬಳಸುವವರು `ip route` ಕೊಟ್ಟು `default via` ಮುಂದಿರುವುದನ್ನು ಓದಿಕೊಂಡರೆ ಆಯಿತು.

## ಬ್ರೌಸರ್‌ನಲ್ಲಿ ಬರೆಯುವುದು

ಇದು ಚಿಕ್ಕ ಕೆಲಸ, ಆದರೆ ಇಲ್ಲಿ ತಪ್ಪುವವರು ಬಹಳ. ವಿಳಾಸವನ್ನು ಬರೆಯಬೇಕಾದ್ದು ಬ್ರೌಸರ್‌ನ ಮೇಲ್ಗಡೆಯ ಪಟ್ಟಿಯಲ್ಲಿ. ಪುಟದ ನಡುವೆ ಇರುವ ಗೂಗಲ್ ಹುಡುಕಾಟದ ಪೆಟ್ಟಿಗೆಯಲ್ಲಿ ಅಲ್ಲ. ಮುಂದೆ `http://` ಸೇರಿಸಿ ಬರೆಯಿರಿ. ಆಗ ಬ್ರೌಸರ್‌ಗೆ ಇದು ಹುಡುಕಬೇಕಾದ ಪದ ಅಲ್ಲ, ಹೋಗಬೇಕಾದ ವಿಳಾಸ ಅಂತ ಸಂಶಯವಿಲ್ಲದೆ ಗೊತ್ತಾಗುತ್ತದೆ.

```
http://192.168.0.1
```

ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕಬೇಡಿ. ಒಂದರ ಬದಲು ಇಂಗ್ಲಿಷ್ ಅಕ್ಷರ l, ಸೊನ್ನೆಯ ಬದಲು o ಬಂದರೂ ಆಗದು. ಫೋನಿನ ಕೀಬೋರ್ಡ್ ಕನ್ನಡದಲ್ಲಿದ್ದರೆ ಅಂಕಿಗಳೂ ಕನ್ನಡದವೇ ಬರಬಹುದು, ಇಂಗ್ಲಿಷ್ ಕೀಬೋರ್ಡ್‌ಗೆ ಬದಲಿಸಿಕೊಳ್ಳಿ.

ಗೂಗಲ್ ಫಲಿತಾಂಶಗಳ ಪಟ್ಟಿ ಬಂದರೆ ಹಿಂದಕ್ಕೆ ಬನ್ನಿ. ಆ ಪಟ್ಟಿಯಲ್ಲಿ ಇದೇ ಅಂಕಿಗಳನ್ನು ಹೆಸರಾಗಿ ಇಟ್ಟುಕೊಂಡ ವೆಬ್‌ಸೈಟುಗಳು ಇರುತ್ತವೆ. ಲಾಗಿನ್ ಅಂತ ದೊಡ್ಡ ಬಟನ್ ಕೂಡ ಇರಬಹುದು. ಅವು ಯಾವುವೂ ನಿಮ್ಮ ರೌಟರ್ ಅಲ್ಲ. ಅಲ್ಲಿ ಪಾಸ್‌ವರ್ಡ್ ಕೊಡಬೇಡಿ, ಸಹಾಯವಾಣಿ ಅಂತ ಇರುವ ಫೋನ್ ನಂಬರಿಗೆ ಕರೆ ಮಾಡಬೇಡಿ. ನಿಜವಾದ ರೌಟರ್ ಪುಟ ಬ್ಯಾಂಕ್ ಕಾರ್ಡ್ ನಂಬರ್, ಆಧಾರ್ ನಂಬರ್ ಕೇಳುವುದಿಲ್ಲ. ಕೇಳಿದರೆ ಆ ಪುಟ ಮುಚ್ಚಿಬಿಡಿ.

ಇನ್ನು ಎಚ್ಚರಿಕೆಯ ಪರದೆ. `Not secure` ಅಂತ ಮೇಲೆ ಕಾಣಬಹುದು. ಕೆಲವು ರೌಟರ್‌ಗಳಲ್ಲಿ ಇಡೀ ಪರದೆಗೆ `Your connection is not private` ಅಂತ ಬರುತ್ತದೆ. ಇದನ್ನು ನೋಡಿ ಮುಚ್ಚಿ ಓಡುವವರೂ ಇದ್ದಾರೆ, ಯೋಚಿಸದೆ ಎಲ್ಲ ಕಡೆ ಮುಂದುವರಿ ಅಂತ ಒತ್ತುವವರೂ ಇದ್ದಾರೆ. ಕಾರಣ ತಿಳಿದರೆ ಎರಡೂ ತಪ್ಪುತ್ತದೆ. ವೆಬ್‌ಸೈಟ್ ಅಸಲಿ ಅಂತ ಹೇಳಲು ಬ್ರೌಸರ್ ಒಂದು ಪ್ರಮಾಣಪತ್ರ ಕೇಳುತ್ತದೆ. ಅದನ್ನು ಕೊಡುವ ಸಂಸ್ಥೆಗಳು 192.168.0.1 ಗೆ ಕೊಡಲು ಸಾಧ್ಯವಿಲ್ಲ. ಲಕ್ಷಾಂತರ ಮನೆಗಳಲ್ಲಿ ಇರುವ ವಿಳಾಸವನ್ನು ಯಾರದು ಅಂತ ಬರೆಯುವುದು? ಹಾಗಾಗಿ ರೌಟರ್ ತನಗೆ ತಾನೇ ಒಂದು ಪತ್ರ ಬರೆದುಕೊಂಡಿರುತ್ತದೆ. ಬ್ರೌಸರ್ ಅದನ್ನು ನಂಬುವುದಿಲ್ಲ. ನೀವು ನಿಮ್ಮ ಮನೆಯ ವೈಫೈಯಲ್ಲೇ ಇದ್ದೀರಿ, ಮೇಲಿನ ಪಟ್ಟಿಯಲ್ಲಿ ಇರುವುದು ಗೇಟ್‌ವೇ ತೋರಿಸಿದ ಅದೇ ಅಂಕಿ ಅಂತ ನೋಡಿಕೊಂಡು, `Advanced` ಒತ್ತಿ, ಅದರ ಕೆಳಗೆ ಬರುವ `Proceed` ಸಾಲನ್ನು ಒತ್ತಬಹುದು. ಹೊರಗಿನ ಯಾವ ವೆಬ್‌ಸೈಟಿಗೂ ಹೀಗೆ ಮಾಡಬಾರದು.

## ಪುಟ ಬಂತು, ಪಾಸ್‌ವರ್ಡ್ ಯಾವುದು?

ಮನೆಯ ಇಂಟರ್‌ನೆಟ್ ಸುತ್ತ ಮೂರು ಬೇರೆ ಬೇರೆ ಪಾಸ್‌ವರ್ಡ್‌ಗಳು ಇರುತ್ತವೆ. ಒಂದು ವೈಫೈ ಪಾಸ್‌ವರ್ಡ್. ನೆಂಟರು ಬಂದಾಗ ಕೊಡುವುದು ಇದನ್ನೇ. ಎರಡನೆಯದು ಇಂಟರ್‌ನೆಟ್ ಕೊಡುವವರ ಖಾತೆಯ ಹೆಸರು ಮತ್ತು ಪಾಸ್‌ವರ್ಡ್. ಕೇಬಲ್ ಆಪರೇಟರ್ ಕಡೆಯವರು ಇದನ್ನು ಪಿಪಿಪಿಒಇ ಅನ್ನುತ್ತಾರೆ. ಸಂಪರ್ಕ ಹಾಕುವ ದಿನ ಅವರೇ ಡಬ್ಬಿಯೊಳಗೆ ತುಂಬಿರುತ್ತಾರೆ. ಮೂರನೆಯದು ಅಡ್ಮಿನ್ ಪಾಸ್‌ವರ್ಡ್. ಈಗ ಪುಟ ಕೇಳುತ್ತಿರುವುದು ಈ ಮೂರನೆಯದನ್ನು. ಹೆಚ್ಚಿನವರು ಹಾಕುವುದು ಮೊದಲನೆಯದನ್ನು.

ಡಬ್ಬಿಯನ್ನು ತಿರುಗಿಸಿ ಹಿಂದೆ ಅಥವಾ ಅಡಿಯಲ್ಲಿರುವ ಚೀಟಿ ನೋಡಿ. ಅಕ್ಷರ ಬಹಳ ಚಿಕ್ಕದು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. `SSID` ಅಂದರೆ ವೈಫೈ ಹೆಸರು. `Wireless Password`, `WPA Key`, `Wi-Fi Key` ಅಂದರೆ ವೈಫೈ ಪಾಸ್‌ವರ್ಡ್. `MAC`, `S/N` ಅಂತ ಇರುವುದು ಡಬ್ಬಿಯ ಗುರುತಿನ ಸಂಖ್ಯೆಗಳು, ಲಾಗಿನ್‌ಗೆ ಸಾಮಾನ್ಯವಾಗಿ ಬೇಡ. `Username` ಮತ್ತು `Password` ಅಂತ ಜೋಡಿಯಾಗಿ, ಹೆಚ್ಚಾಗಿ ವಿಳಾಸದ ಪಕ್ಕದಲ್ಲೇ ಇರುವುದೇ ಅಡ್ಮಿನ್ ಲಾಗಿನ್. ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಇದ್ದ ಹಾಗೇ ಬರೆಯಬೇಕು. ಸೊನ್ನೆ ಮತ್ತು O, 1 ಮತ್ತು l, 8 ಮತ್ತು B ಒಂದೇ ಥರ ಕಾಣುತ್ತವೆ. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕ ಕಣ್ಣಿನ ಗುರುತು ಇದ್ದರೆ ಒತ್ತಿ, ಏನು ಬರೆದಿದ್ದೀರಿ ಅಂತ ನೋಡಿಕೊಂಡೇ ಮುಂದೆ ಹೋಗಿ.

ಹಳೆಯ ರೌಟರ್‌ಗಳಲ್ಲಿ ಎರಡೂ ಕಡೆ `admin` ಅಂತ ಇರುತ್ತಿತ್ತು. ಹಳೆಯ ಡಿ-ಲಿಂಕ್‌ಗಳಲ್ಲಿ ಹೆಸರು `admin`, ಪಾಸ್‌ವರ್ಡ್ ಜಾಗ ಖಾಲಿ. ಜಿಯೋಫೈಬರ್ ಡಬ್ಬಿಯಲ್ಲಿ ಯಾರೂ ಬದಲಿಸದೆ ಇದ್ದರೆ ಹೆಸರು `admin`, ಪಾಸ್‌ವರ್ಡ್ `Jiocentrum`. ಮೊದಲ ಸಲ ಒಳಗೆ ಹೋದಾಗ ಅದು ಹೊಸ ಪಾಸ್‌ವರ್ಡ್ ಇಡಲು ಹೇಳುತ್ತದೆ. ಈಗಿನ ಟಿಪಿ-ಲಿಂಕ್‌ಗಳಲ್ಲಿ ಮೊದಲೇ ಇಟ್ಟ ಪಾಸ್‌ವರ್ಡ್ ಇಲ್ಲ. ಹೊಸ ಡಬ್ಬಿಯ ಪುಟ ತೆರೆದ ಕೂಡಲೇ ಒಂದನ್ನು ನೀವೇ ಮಾಡಿಕೊಳ್ಳಿ ಅನ್ನುತ್ತದೆ. ಹಾಗಾಗಿ ಚೀಟಿಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಕಾಣದಿದ್ದರೆ ಚೀಟಿ ಹರಿದಿದೆ ಅಂತ ಅಲ್ಲ. ಡಬ್ಬಿ ಹಾಕಿದ ದಿನ ಯಾರೋ ಒಂದನ್ನು ಇಟ್ಟಿದ್ದಾರೆ. ಸಾಮಾನ್ಯವಾಗಿ ಹಾಕಲು ಬಂದ ಹುಡುಗ.

ಊಹೆ ಮಾಡಿ ಹಾಕುತ್ತಾ ಕೂರಬೇಡಿ. ನಾಲ್ಕೈದು ಸಲ ತಪ್ಪಿದರೆ ಪುಟ ಬೀಗ ಹಾಕಿಕೊಳ್ಳುತ್ತದೆ. ಕೆಲವು ರೌಟರ್‌ಗಳಲ್ಲಿ ಒಂದು ನಿಮಿಷ, ಕೆಲವಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಆ ಹೊತ್ತಿನಲ್ಲಿ ಸರಿಯಾದದ್ದು ಹಾಕಿದರೂ ತೆಗೆದುಕೊಳ್ಳುವುದಿಲ್ಲ. ಸರಿಯಾದ ಪಾಸ್‌ವರ್ಡನ್ನೇ ತಪ್ಪು ಅಂದುಕೊಂಡು ಬಿಟ್ಟುಬಿಡುವುದು ಹೀಗೆ.

## ಒಂದೇ ಮನೆಯಲ್ಲಿ ಎರಡು ಡಬ್ಬಿ

ಈಗ ದೊಡ್ಡಪ್ಪನ ಮನೆಗೆ ಬರೋಣ. "ದೊಡ್ಡಪ್ಪ, ಗೋಡೆ ಹತ್ತಿರ ಎಷ್ಟು ಡಬ್ಬಿ ಇವೆ ನೋಡಿ ಹೇಳಿ" ಅಂದೆ. ಎರಡು ಇದ್ದವು. ಒಂದು ಚಿಕ್ಕ ಬಿಳಿ ಡಬ್ಬಿ. ಅದಕ್ಕೆ ಹೊರಗಿನಿಂದ ತೆಳ್ಳನೆಯ ಫೈಬರ್ ತಂತಿ ಬರುತ್ತಿತ್ತು. ಅದನ್ನು ಕೊಟ್ಟಿದ್ದು ಕೇಬಲ್ ಆಪರೇಟರ್. ಇದಕ್ಕೆ ಒಎನ್‌ಟಿ ಅನ್ನುತ್ತಾರೆ, ಓಎನ್‌ಯು ಅಂತಲೂ ಹೇಳುತ್ತಾರೆ. ಅದರಿಂದ ಒಂದು ಕೇಬಲ್ ಹೊರಟು ನಾಲ್ಕು ಆಂಟೆನಾ ಇರುವ ಕಪ್ಪು ಡಬ್ಬಿಗೆ ಹೋಗುತ್ತಿತ್ತು. ಅದು ದೊಡ್ಡಪ್ಪ ಅಂಗಡಿಯಿಂದ ತಂದ ರೌಟರ್. ಮನೆಯ ವೈಫೈ ಬರುವುದು ಈ ಕಪ್ಪು ಡಬ್ಬಿಯಿಂದ.

ನಮ್ಮ ಊರುಗಳಲ್ಲಿ ಇಂಥ ಜೋಡಿ ಬಹಳ ಸಾಮಾನ್ಯ. ಎರಡಕ್ಕೂ ಬೇರೆ ವಿಳಾಸ, ಬೇರೆ ಅಡ್ಮಿನ್ ಪುಟ, ಬೇರೆ ಪಾಸ್‌ವರ್ಡ್. ಅವರು 192.168.1.1 ಹಾಕಿದಾಗ ಲ್ಯಾಪ್‌ಟಾಪ್ ಅದನ್ನು ಹೆಬ್ಬಾಗಿಲಿಗೆ, ಅಂದರೆ ಕಪ್ಪು ಡಬ್ಬಿಗೆ ಕೊಟ್ಟಿತು. ಕಪ್ಪು ಡಬ್ಬಿ ಅದು ತನ್ನದಲ್ಲ ಅಂತ ಮುಂದಕ್ಕೆ ದಾಟಿಸಿತು. ಮುಂದೆ ಕೂತಿದ್ದ ಬಿಳಿ ಡಬ್ಬಿಯ ವಿಳಾಸ 192.168.1.1. ಅದು ತನ್ನ ಪುಟ ತೋರಿಸಿತು. ಪುಟ ಬಂತಲ್ಲ ಅಂತ ದೊಡ್ಡಪ್ಪ ಕಪ್ಪು ಡಬ್ಬಿಯ ಚೀಟಿಯಲ್ಲಿದ್ದ ಪಾಸ್‌ವರ್ಡ್ ಹಾಕಿದರು. ಅದು ವೈಫೈ ಪಾಸ್‌ವರ್ಡ್ ಬೇರೆ. ಒಂದೇ ಸಲಕ್ಕೆ ಎರಡು ತಪ್ಪು, ಎರಡೂ ಕಣ್ಣಿಗೆ ಕಾಣದಂಥವು.

ಇಂಥ ಕಡೆ ಪುಟದ ಮೇಲಿರುವ ಕಂಪನಿ ಹೆಸರು ಮತ್ತು ಮಾಡೆಲ್ ನಂಬರ್ ನೋಡಿ. ಡಬ್ಬಿಯ ಚೀಟಿಯಲ್ಲಿರುವ ಹೆಸರಿಗೆ ಹೊಂದದಿದ್ದರೆ ನೀವು ಬೇರೆ ಡಬ್ಬಿಯ ಬಾಗಿಲಲ್ಲಿ ನಿಂತಿದ್ದೀರಿ. ಇನ್ನೂ ಖಚಿತ ಬೇಕಾದರೆ ಕಪ್ಪು ಪರದೆಯಲ್ಲಿ ಇದನ್ನು ಕೊಡಿ. ಹೊರಗೆ ಹೋಗುವ ದಾರಿಯ ಮೊದಲ ಎರಡು ನಿಲ್ದಾಣಗಳನ್ನು ಇದು ತೋರಿಸುತ್ತದೆ:

```
tracert -d -h 2 8.8.8.8
```

ಅವರಲ್ಲಿ ಬಂದ ಉತ್ತರ:

```
1   2 ms   1 ms   2 ms   192.168.0.1
2   3 ms   2 ms   3 ms   192.168.1.1
```

ಮೊದಲನೆಯದು ಕಪ್ಪು ರೌಟರ್, ಎರಡನೆಯದು ಬಿಳಿ ಡಬ್ಬಿ. ಎರಡನೇ ಸಾಲಿನಲ್ಲೂ 192.168 ಇದ್ದರೆ ಮನೆಯೊಳಗೆ ಇನ್ನೊಂದು ಡಬ್ಬಿಯೂ ರೌಟರ್ ಕೆಲಸ ಮಾಡುತ್ತಿದೆ ಅಂತ ಸಾಮಾನ್ಯವಾಗಿ ಹೇಳಬಹುದು. ಆಗ ಆಪರೇಟರ್ ಖಾತೆಯ ವಿವರ ಹೆಚ್ಚಾಗಿ ಆ ಎರಡನೇ ಡಬ್ಬಿಯಲ್ಲಿ ಇರುತ್ತದೆ. ಬೇರೆ ಥರದ ವಿಳಾಸ ಬಂದರೆ ಬಿಳಿ ಡಬ್ಬಿ ಬರೀ ಫೈಬರನ್ನು ಕೇಬಲ್‌ಗೆ ಬದಲಿಸುತ್ತಿರಬಹುದು, ಖಾತೆಯ ವಿವರ ನಿಮ್ಮ ರೌಟರ್‌ನಲ್ಲೇ ಇರಬಹುದು. ಈ ವ್ಯತ್ಯಾಸ ಯಾಕೆ ಬೇಕು ಅಂತ ರೀಸೆಟ್ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ವೈಫೈ ಹೆಸರು, ವೈಫೈ ಪಾಸ್‌ವರ್ಡ್ ಬದಲಿಸಲು ವೈಫೈ ಕೊಡುವ ಡಬ್ಬಿಯ ಪುಟ ಸಾಕು. ಬಿಳಿ ಡಬ್ಬಿಯನ್ನು ಮುಟ್ಟುವ ಕೆಲಸವೇ ಇಲ್ಲ.

ದೊಡ್ಡಪ್ಪ `http://192.168.0.1` ಹಾಕಿದರು. ಕಪ್ಪು ಡಬ್ಬಿಯ ಹೆಸರೇ ಇರುವ ಪುಟ ಬಂತು. ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಒಂದೇ ಕೇಳಿತು. ಚೀಟಿಯಲ್ಲಿ ಅದು ಇಲ್ಲ. ಅಂದರೆ ಹಾಕಿದ ದಿನ ಇಟ್ಟದ್ದು. ಆ ದಿನ ಮನೆಯಲ್ಲಿ ಇದ್ದದ್ದು ದೊಡ್ಡಮ್ಮ. ಒಳಗಿನಿಂದಲೇ ಅವರ ಧ್ವನಿ ಕೇಳಿಸಿತು: "ಆ ಹುಡುಗ ಏನೋ ಹೇಳ್ದ, ಕ್ಯಾಲೆಂಡರ್ ಹಿಂದೆ ಬರ್ದಿದ್ದೆ ನೋಡಿ." ಅದೇ ಆಗಿತ್ತು.

## ಏನು ಮಾಡಿದರೂ ಸಿಗದಿದ್ದರೆ

ಮೊದಲು ಸಂಪರ್ಕ ಹಾಕಿದವರನ್ನೇ ಕೇಳಿ. ಆಪರೇಟರ್ ಕೊಟ್ಟ ಡಬ್ಬಿ ಆದರೆ ಅವರ ಹತ್ತಿರ ಇದ್ದೇ ಇರುತ್ತದೆ. ಕೆಲವರು ಪೂರ್ಣ ಲಾಗಿನ್ ಕೊಡುವುದಿಲ್ಲ, ವೈಫೈ ಬದಲಿಸಲು ಸಾಕಾಗುವಷ್ಟರದು ಕೊಡುತ್ತಾರೆ. ನಿಮಗೆ ಬೇಕಾದ್ದು ವೈಫೈ ಹೆಸರು, ಪಾಸ್‌ವರ್ಡ್ ಬದಲಾವಣೆ ಮಾತ್ರ ಆದರೆ ಜಿಯೋಫೈಬರ್ ಇರುವವರು ಮೈಜಿಯೋ ಆಪ್‌ನಲ್ಲೇ ಮಾಡಬಹುದು. ಅಡ್ಮಿನ್ ಪುಟವೇ ಬೇಡ.

ಕೊನೆಯ ದಾರಿ ರೀಸೆಟ್. ಡಬ್ಬಿಯ ಹಿಂದೆ ಸೂಜಿ ಮೊನೆ ಹೋಗುವಂಥ ತೂತಿನ ಪಕ್ಕ `RESET` ಅಂತ ಇರುತ್ತದೆ. ಡಬ್ಬಿ ಆನ್ ಇರುವಾಗಲೇ ಪಿನ್ ತೂರಿಸಿ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಬೇಕು. ದೀಪಗಳು ಒಮ್ಮೆ ಮಿನುಗಿ ಅಥವಾ ಆರಿ ಮತ್ತೆ ಹತ್ತುತ್ತವೆ. ಪಕ್ಕದಲ್ಲೇ `WPS` ಅಂತ, ಪಾಸ್‌ವರ್ಡ್ ಬರೆಯದೆ ಸಾಧನ ಸೇರಿಸುವ ಇನ್ನೊಂದು ಬಟನ್ ಇರಬಹುದು. ಕೆಲವು ಡಬ್ಬಿಗಳಲ್ಲಿ ಎರಡೂ ಒಂದೇ ಬಟನ್, ಸ್ವಲ್ಪ ಹೊತ್ತು ಒತ್ತಿದರೆ `WPS`, ಜಾಸ್ತಿ ಹೊತ್ತು ಒತ್ತಿದರೆ ರೀಸೆಟ್.

ರೀಸೆಟ್ ಮಾಡಿದರೆ ಪಾಸ್‌ವರ್ಡ್ ಒಂದೇ ಹೋಗುವುದಿಲ್ಲ. ಎಲ್ಲವೂ ಅಳಿಸಿಹೋಗುತ್ತದೆ. ವೈಫೈ ಹೆಸರು ಚೀಟಿಯಲ್ಲಿರುವ ಹಳೆಯದಕ್ಕೆ ಹೋಗುತ್ತದೆ. ಟಿವಿ, ಕ್ಯಾಮೆರಾ ಎಲ್ಲವನ್ನೂ ಮತ್ತೆ ಸೇರಿಸಬೇಕು. ಎಲ್ಲಕ್ಕಿಂತ ಮುಖ್ಯ, ಆಪರೇಟರ್ ತುಂಬಿದ್ದ ಖಾತೆಯ ವಿವರ ಆ ಡಬ್ಬಿಯಲ್ಲಿ ಇದ್ದರೆ ಅದೂ ಹೋಗಿ ಇಂಟರ್‌ನೆಟ್ ನಿಂತುಬಿಡುತ್ತದೆ. ನಾನೇ ಹಿಂದೊಮ್ಮೆ ಬಾಡಿಗೆ ಮನೆಯಲ್ಲಿ ಶನಿವಾರ ಸಂಜೆ ರೀಸೆಟ್ ಒತ್ತಿದ್ದೆ. ಖಾತೆಯ ವಿವರ ನನ್ನ ಹತ್ತಿರ ಇರಲಿಲ್ಲ. ಸೋಮವಾರ ಆಪರೇಟರ್ ಕಡೆಯವರು ಬಂದು ತುಂಬುವವರೆಗೆ ಇಂಟರ್‌ನೆಟ್ ಇರಲಿಲ್ಲ.

ಆದ್ದರಿಂದ ಫೈಬರ್ ತಂತಿ ನೇರವಾಗಿ ಬರುವ ಡಬ್ಬಿಯನ್ನು ನೀವಾಗಿ ರೀಸೆಟ್ ಮಾಡಲೇಬೇಡಿ. ನಿಮ್ಮ ಸ್ವಂತ ರೌಟರ್ ಆದರೆ, ಮೊದಲು ಆಪರೇಟರ್‌ಗೆ ಫೋನ್ ಮಾಡಿ "ನಮ್ಮ ರೌಟರ್‌ನಲ್ಲಿ ಪಿಪಿಪಿಒಇ ಇದೆಯಾ? ಇದ್ದರೆ ಹೆಸರು, ಪಾಸ್‌ವರ್ಡ್, ವಿಎಲ್‌ಎಎನ್ ನಂಬರ್ ಹೇಳಿ" ಅಂತ ಕೇಳಿ ಬರೆದುಕೊಳ್ಳಿ. ದೊಡ್ಡಪ್ಪನ ಮನೆಯ ಥರ ಎರಡನೇ ನಿಲ್ದಾಣ 192.168 ಆಗಿದ್ದರೆ ಕಪ್ಪು ಡಬ್ಬಿಯನ್ನು ರೀಸೆಟ್ ಮಾಡಿದರೂ ಇಂಟರ್‌ನೆಟ್ ಸಾಮಾನ್ಯವಾಗಿ ಹಾಗೇ ಬರುತ್ತದೆ. ವೈಫೈ ಹೆಸರು, ಪಾಸ್‌ವರ್ಡ್‌ಗಳನ್ನು ಮಾತ್ರ ಮತ್ತೆ ಇಡಬೇಕಾಗುತ್ತದೆ. ಆದರೂ ಕೇಳಿಕೊಂಡೇ ಮಾಡುವುದು ಒಳ್ಳೆಯದು.

## ಒಳಗೆ ಹೋದ ಮೇಲೆ

ವೈಫೈ ಪಾಸ್‌ವರ್ಡ್ ಬದಲಿಸುವುದು `Wireless` ಅಥವಾ `WLAN` ಅನ್ನುವ ಕಡೆ. ಸೇವ್ ಮಾಡಿದ ಕೂಡಲೇ ನಿಮ್ಮ ಸಂಪರ್ಕ ಕಡಿದುಹೋಗುತ್ತದೆ. ಹೆದರಬೇಡಿ, ಹೊಸ ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರಿಕೊಳ್ಳಿ. `WAN` ಅಥವಾ `Internet` ಅಂತ ಇರುವ ಪುಟದಲ್ಲಿ ನೋಡಿ, ಏನೂ ಬದಲಿಸಬೇಡಿ. ಆಪರೇಟರ್‌ನ ವಿವರ ಇರುವುದು ಅಲ್ಲೇ. ಅಡ್ಮಿನ್ ಪಾಸ್‌ವರ್ಡ್ ಇನ್ನೂ `admin` ಆಗಿದ್ದರೆ `System` ಅಥವಾ `Administration` ಕಡೆ ಹೋಗಿ ಬದಲಿಸಿ. ನಿಮ್ಮ ವೈಫೈ ಸಿಕ್ಕ ಯಾರು ಬೇಕಾದರೂ ಈ ಪುಟ ತೆರೆಯಬಹುದು, ಆ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ವೈಫೈ ಪಾಸ್‌ವರ್ಡನ್ನೇ ಇದಕ್ಕೂ ಇಡಬೇಡಿ. ಕೆಲಸ ಮುಗಿದ ಮೇಲೆ `Logout` ಒತ್ತಿ ಹೊರಗೆ ಬನ್ನಿ. ಕೆಲವು ರೌಟರ್‌ಗಳು ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತವೆ, ಸುಮ್ನೆ ಟ್ಯಾಬ್ ಮುಚ್ಚಿದರೆ ಆಮೇಲೆ ನಿಮ್ಮನ್ನೇ ತಡೆಯಬಹುದು.

ದೊಡ್ಡಪ್ಪ ಅವತ್ತೇ ಒಂದು ಚೀಟಿ ಬರೆದರು. "ಕಪ್ಪು ಡಬ್ಬಿ: 192.168.0.1, ವೈಫೈ ಇದರಲ್ಲಿ. ಬಿಳಿ ಡಬ್ಬಿ: 192.168.1.1, ಮುಟ್ಟಬಾರದು." ಹೊಸ ಅಡ್ಮಿನ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಯಲಿಲ್ಲ, ಬೀರುವಿನಲ್ಲಿರುವ ತಮ್ಮ ಡೈರಿಯಲ್ಲಿ ಬರೆದಿಟ್ಟರು. ಕ್ಯಾಲೆಂಡರ್ ವರ್ಷ ಮುಗಿದರೆ ಹೊರಗೆ ಹೋಗುತ್ತದೆ ಅಂತ ದೊಡ್ಡಮ್ಮನೇ ಹೇಳಿದರಂತೆ.